ಗಾಲಿ ಕೊಟ್ಟ ಗಟ್ಟಿ ಉತ್ತರ

ಅವನಿಗೂ ಒಂದು ಹೆಸರಿತ್ತು. ಅಪ್ಪ ಅಮ್ಮ ನಾಲ್ಕು ದಿನ ತಲೆ ಕೆಡಿಸಿಕೊಂಡು ಇಟ್ಟ ಹೆಸರೇ. ಆದರೆ ಗುರುತಿನ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬರಲಿಲ್ಲ. ಬೀದಿಯವರಿಗೆಲ್ಲ ಅವನು ಗಾಲಿ. ಒಂಬತ್ತನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು, ವೆಲ್ಡಿಂಗ್ ಶಾಪಿನಲ್ಲಿ ಪೈಪು ಹಿಡಿಯಲು ನಿಂತು, ಮೂವತ್ತೆಂಟನೇ ವಯಸ್ಸಿಗೆ ಗಾಲಿಕುರ್ಚಿ ಮಾಡುವವನಾದ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ. ಅಕ್ಕನೂ ಹಾಗೇ ಕರೆಯುತ್ತಿದ್ದಳು. ಕೋಪ ಬಂದಾಗ ಮಾತ್ರ ನಿಜವಾದ ಹೆಸರು ಹಿಡಿಯುತ್ತಿದ್ದಳು, ಆಗ ಅವನು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ.

ಕುರ್ಚಿಯ ಕಥೆ ಶುರುವಾದದ್ದು ಅಮ್ಮನಿಂದ. ಅಮ್ಮನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಆಸ್ಪತ್ರೆಯವರ ಮಾತು ಕೇಳಿ ಗಾಲಿಕುರ್ಚಿ ತಂದರೆ ಅದು ಇಪ್ಪತ್ತೈದೂವರೆ ಇಂಚು ಅಗಲ, ಬಚ್ಚಲುಮನೆಯ ಬಾಗಿಲು ಇಪ್ಪತ್ತನಾಲ್ಕು. ಒಂದೂವರೆ ಇಂಚಿನ ದೆಸೆಯಿಂದ ಅಕ್ಕ ದಿನಕ್ಕೆ ಐದಾರು ಸಲ ಅಮ್ಮನನ್ನು ಎತ್ತಬೇಕಾಯಿತು. ಮೂರನೇ ತಿಂಗಳಿಗೆ ಅಕ್ಕನ ಸೊಂಟ ಹಿಡಿಯಿತು. ಒಂದು ಭಾನುವಾರ ಗಾಲಿ ಆ ಕುರ್ಚಿಯನ್ನು ಶಾಪಿಗೆ ಒಯ್ದು ಕೊಯ್ದುಹಾಕಿದ. ಎರಡು ವಾರ ಮಾಡಿದ, ಕೆಡಿಸಿದ, ಮತ್ತೆ ಮಾಡಿದ. ಕೊನೆಗೆ ಇಪ್ಪತ್ತೇ ಇಂಚಿನ, ಪಕ್ಕಕ್ಕೆ ಉರುಳದ, ನೀರು ಬಿದ್ದರೆ ತುಕ್ಕು ಹಿಡಿಯದ ಒಂದು ಕುರ್ಚಿ ನಿಂತಿತು. ಅಮ್ಮ ಇನ್ನೆರಡು ವರ್ಷ ಅದರಲ್ಲೇ ಓಡಾಡಿ ಹೋದಳು. ಫಿಸಿಯೋಥೆರಪಿ ಕೇಂದ್ರದಲ್ಲಿ ಅಮ್ಮನನ್ನು ಕಂಡವರೆಲ್ಲ ಇದನ್ನೆಲ್ಲಿ ತಗೊಂಡ್ರಿ ಎಂದು ಕೇಳುತ್ತಿದ್ದರು. ಹಾಗೆ ಕೇಳಿದವರಿಗೆ ಒಂದೊಂದೇ ಮಾಡಿಕೊಡುತ್ತಾ ಕಂಪನಿಯಾಯಿತು.

ಕಂಪನಿ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಒಂದು ಶೆಡ್ಡು, ಅಟ್ಟದ ಮೇಲೆ ಗಾಜಿನ ಕಿಟಕಿಯ ಒಂದು ಕೋಣೆ, ನಾಲ್ಕು ಜನ ಕೆಲಸಗಾರರು. ಮಾತು, ಪತ್ರ, ಗಿರಾಕಿ, ಬ್ಯಾಂಕು ಎಲ್ಲ ಅಕ್ಕನದು. ಅವಳು ಹದಿನೈದು ವರ್ಷ ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಕೂತವಳು, ಎಂಥಾ ಸಿಟ್ಟಿನ ಮನುಷ್ಯನನ್ನೂ ಕುರ್ಚಿ ಕೊಟ್ಟು ಕೂರಿಸುವುದರಲ್ಲಿ ಎತ್ತಿದ ಕೈ. ಪೈಪು, ಬೆಸುಗೆ, ಗಾಲಿ ಎಲ್ಲ ತಮ್ಮನದು. ಪ್ರತಿಯೊಂದು ಬೆಸುಗೆಯನ್ನೂ ಅವನೇ ಹಾಕಬೇಕು. ಬೇರೆಯವರು ಹಾಕಿದ್ದನ್ನು ಸುಮ್ಮನೆ ಉಜ್ಜಿ ತೆಗೆದು ಮತ್ತೆ ಹಾಕುತ್ತಿದ್ದ, ಬೈಯುತ್ತಲೂ ಇರಲಿಲ್ಲ. ಹೀಗಾಗಿ ತಿಂಗಳಿಗೆ ಹದಿನೆಂಟು ಕುರ್ಚಿ. ಹತ್ತೊಂಬತ್ತನೆಯದು ಆಗುತ್ತಿರಲಿಲ್ಲ. ಕಾಯುವವರ ಪಟ್ಟಿ ಐದು ತಿಂಗಳಿಗೆ ಮುಟ್ಟಿತು, ಆ ಪಟ್ಟಿಯಲ್ಲಿದ್ದ ಕೆಲವರು ಕಾಯುತ್ತಲೇ ತೀರಿಹೋಗುತ್ತಿದ್ದರು. ಮನೆಯವರು ಫೋನು ಮಾಡಿ, ಇನ್ನು ಬೇಡ ಬಿಡಿ, ಎನ್ನುವಾಗ ಅಕ್ಕ ಆ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದಳು.

ಆದ್ದರಿಂದ ಹೊರಗಿನ ದುಡ್ಡು ಬೇಕಾಯಿತು. ಸಣ್ಣ ಉದ್ದಿಮೆ ಕೇಂದ್ರದ ತರಬೇತಿ ಮೇಡಂ ಒಂದು ಹೂಡಿಕೆ ಸಂಸ್ಥೆಯ ಬಾಗಿಲು ತೆಗೆಸಿದರು. ಮೂರು ಜನ ಕೇಳುತ್ತಾರೆ, ಅರ್ಧ ಗಂಟೆ ಸಮಯ, ಇಬ್ಬರೂ ಬರಬೇಕು. ಮೇಡಂ ಹೇಳಿದ್ದು ಒಂದೇ ಮಾತು: ನಿಮ್ಮ ಹತ್ತು ನಿಮಿಷದ ಭಾಷಣ ಕೇಳಿ ಯಾರೂ ದುಡ್ಡು ಹಾಕೋದಿಲ್ಲ, ಆಮೇಲೆ ಇಪ್ಪತ್ತು ನಿಮಿಷ ಪ್ರಶ್ನೆ ಕೇಳ್ತಾರಲ್ಲ, ಅದಕ್ಕೆ ಹಾಕ್ತಾರೆ. ಕಷ್ಟದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ, ಒಬ್ಬರು ಕೇಳಿ, ಒಬ್ಬರು ಹೇಳಿ, ನಿಂತುಕೊಂಡು ಹೇಳಿ, ಜೋರಾಗಿ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡ ಉತ್ತರ ಅಲ್ಲಿ ಗಂಟಲಲ್ಲೇ ಉಳಿಯುತ್ತದೆ. ಇನ್ನೊಂದು, ಒಬ್ಬರು ಉತ್ತರ ಕೊಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಬಾರದು.

ಸಂಜೆ ಐದಕ್ಕೆ ಕೆಲಸಗಾರರು ಹೊರಟ ಮೇಲೆ ಅಭ್ಯಾಸ. ಅಕ್ಕ ಶೆಡ್ಡಿನ ನಡುವೆ ನಿಲ್ಲುತ್ತಿದ್ದಳು. ಗಾಲಿ ಎಣ್ಣೆ ಡಬ್ಬದ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಹೂಡಿಕೆದಾರನಾಗುತ್ತಿದ್ದ. ನೋಡಬೇಕಿತ್ತು ಅವನ ಗತ್ತನ್ನು. ಅಕ್ಕನನ್ನು ಮೇಡಂ ಎನ್ನುತ್ತಿದ್ದ, ನೀವು ಎನ್ನುತ್ತಿದ್ದ, ಮಧ್ಯೆ ಮಧ್ಯೆ ಇಲ್ಲದ ಗಡಿಯಾರ ನೋಡಿಕೊಳ್ಳುತ್ತಿದ್ದ. ಪ್ರಶ್ನೆಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದಿದ್ದರು. ಉತ್ತರ ಜೊಳ್ಳಾದರೆ ಅವನು ಸ್ಪಾನರಿನಿಂದ, ಪೈಪು ಕಚ್ಚಿ ಹಿಡಿಯುವ ಕಬ್ಬಿಣದ ವೈಸಿಗೆ ಟಣ್ ಎಂದು ಒಂದೇಟು ಹಾಕುವುದು, ಗಟ್ಟಿಯಾದರೆ ಸುಮ್ಮನಿರುವುದು. ಇದು ಅವರಿಬ್ಬರದೇ ಏರ್ಪಾಡು, ಮೇಡಂಗೆ ಗೊತ್ತಿರಲಿಲ್ಲ.

ಮೊದಲ ದಿನ ಶೆಡ್ಡಿನಲ್ಲಿ ಬರೀ ಟಣ್ ಟಣ್. ನಿಮಗೆ ಪೈಪೋಟಿ ಯಾರು ಎಂದು ಕೇಳಿದ. ಯಾರೂ ಇಲ್ಲ, ಇಂಥಾ ಕುರ್ಚಿ ನಮ್ಮದೊಂದೇ, ಎಂದಳು ಅಕ್ಕ ಹೆಮ್ಮೆಯಿಂದ. ಟಣ್. ಯಾರೂ ಇಲ್ಲ ಅಂದರೆ ಒಂದೋ ನೀವು ಹುಡುಕಿಲ್ಲ, ಇಲ್ಲವೋ ಆ ಸಾಮಾನು ಯಾರಿಗೂ ಬೇಕಿಲ್ಲ ಅಂತ ಅರ್ಥ, ಎಂದ ಗಾಲಿ. ಮೇಡಂ ಹೇಳಿಕೊಟ್ಟದ್ದನ್ನೇ ತನ್ನದೆನ್ನುವ ಹಾಗೆ ಒಪ್ಪಿಸಿದ. ಎರಡು ದಿನ ತಿಣುಕಿ ಅಕ್ಕ ಬೇರೆ ಉತ್ತರ ಕಟ್ಟಿದಳು: ಮಾಮೂಲಿ ಗಾಲಿಕುರ್ಚಿ ಮಾಡುವ ಮೂರು ಕಂಪನಿ ಇವೆ, ಅವು ಅಗ್ಗ, ಆದರೆ ಬಚ್ಚಲಿನ ಬಾಗಿಲು ದಾಟುವುದಿಲ್ಲ. ನಮ್ಮ ನಿಜವಾದ ಪೈಪೋಟಿ ಅವರಲ್ಲ, ಮನೆಯವರ ಕೈಕಾಲು. ಎತ್ತಿಕೊಂಡು ಹೋಗುವುದಕ್ಕೆ ಖರ್ಚಿಲ್ಲವಲ್ಲ. ನಮ್ಮಲ್ಲಿ ಕೊಂಡವರನ್ನು ಕೇಳಿದ್ದೇವೆ, ಹತ್ತರಲ್ಲಿ ಆರು ಮಂದಿ ಎತ್ತುವವರಿಗೆ ಸೊಂಟ ಹಿಡಿದ ಮೇಲೆ ಬಂದವರು. ಗಾಲಿ ಸ್ಪಾನರನ್ನು ತೊಡೆಯ ಮೇಲಿಟ್ಟುಕೊಂಡು ತಲೆದೂಗಿದ.

ಮಾರುಕಟ್ಟೆ ಎಷ್ಟು ದೊಡ್ಡದು? ದೇಶದಲ್ಲಿ ನಡೆಯಲಾಗದವರು ಲಕ್ಷಗಟ್ಟಲೆ ಇದ್ದಾರೆ, ನೂರಕ್ಕೆ ಒಬ್ಬರು ಕೊಂಡರೂ ಸಾಕು. ಟಣ್. ಆ ಒಬ್ಬರು ನಿಮ್ಮ ಬಾಗಿಲಿಗೆ ಹೇಗೆ ಬರ್ತಾರೆ ಮೇಡಂ, ಗಾಳಿಯಲ್ಲಿ ತೇಲಿಕೊಂಡಾ? ಅಕ್ಕ ಪೆನ್ಸಿಲ್ ಹಿಡಿದು ಕೆಳಗಿನಿಂದ ಲೆಕ್ಕ ಹಾಕಿದಳು. ಈಗ ಹನ್ನೊಂದು ಫಿಸಿಯೋಥೆರಪಿ ಕೇಂದ್ರಗಳು ನಮಗೆ ಗಿರಾಕಿ ಕಳಿಸುತ್ತವೆ, ಒಂದೊಂದರಿಂದ ತಿಂಗಳಿಗೆ ಎರಡು ಬೇಡಿಕೆ. ಸುತ್ತಲಿನ ಐದು ನಗರಗಳಲ್ಲಿ ಇಂಥವು ನೂರೈವತ್ತಿವೆ. ಎಲ್ಲವೂ ಒಪ್ಪಿದರೆ ತಿಂಗಳಿಗೆ ಮುನ್ನೂರು ಕುರ್ಚಿ. ಅರ್ಧ ಒಪ್ಪಿದರೂ ನೂರೈವತ್ತು. ಹೀಗೆ ಹೇಳಿದಾಗ ಅಂಕಿ ಸಣ್ಣದಾಯಿತು, ಮಾತು ದೊಡ್ಡದಾಯಿತು.

ಲಾಭ ಎಷ್ಟು ಉಳಿಯುತ್ತದೆ ಎಂದಾಗ ಮೂವತ್ತೆಂಟು ಪರ್ಸೆಂಟ್ ಎಂದು ಎದೆಯುಬ್ಬಿಸಿದಳು. ಮನೆಗೆ ಸಾಗಿಸಿ, ಅಳತೆಗೆ ಹೊಂದಿಸಿ ಕೊಡುವ ಖರ್ಚು ಹಿಡಿದಿರಾ ಎಂದು ಗಾಲಿ ಕೇಳಿದ. ಅಕ್ಕನ ಮುಖ ಸಪ್ಪಗಾಯಿತು. ಮರುದಿನದಿಂದ ಇಪ್ಪತ್ತೇಳು ಎಂದೇ ಹೇಳತೊಡಗಿದಳು, ಮೂವತ್ತೆಂಟರಲ್ಲಿ ಹನ್ನೊಂದು ಎಲ್ಲಿ ಹೋಗುತ್ತದೆಂದು ಅವರು ಕೇಳುವ ಮೊದಲೇ ಬಿಡಿಸಿಟ್ಟು. ವಾಪಸು ಬಂದ ಕುರ್ಚಿ ಎಷ್ಟು ಎಂದರೆ, ತೀರಾ ಕಡಿಮೆ ಅನ್ನಬಾರದು. ಇನ್ನೂರ ಹನ್ನೆರಡರಲ್ಲಿ ಹದಿನೇಳು, ಅದರಲ್ಲಿ ಹದಿನಾಲ್ಕು ಹಿಂದಿನ ಗಾಲಿಯೊಳಗಿನ ಬುಷ್ ಎಂಬ ಬಳೆ ಸವೆದು ಬಂದವು, ಬುಷ್ ಬದಲಿಸಿದ ಮೇಲೆ ಮಾರಿದ ತೊಂಬತ್ತರಲ್ಲಿ ಬಂದದ್ದು ಒಂದು. ಗೊತ್ತಿಲ್ಲದ್ದನ್ನು ಕೇಳಿದರೆ ಗಾಳಿಯಲ್ಲಿ ಗುಂಡು ಹೊಡೆಯಬಾರದು. ಗೊತ್ತಿಲ್ಲ, ಗುರುವಾರದೊಳಗೆ ಲೆಕ್ಕ ನೋಡಿ ಕಳಿಸುತ್ತೇನೆ, ಎನ್ನಬೇಕು. ಈ ಒಂದು ವಾಕ್ಯ ಅಕ್ಕನ ಬಾಯಲ್ಲಿ ಹೊರಳುವುದಕ್ಕೆ ಮೂರು ಸಂಜೆ ಹಿಡಿಯಿತು. ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಗೊತ್ತಿಲ್ಲ ಅಂದವರ ಕೆಲಸ ಉಳಿಯುತ್ತಿರಲಿಲ್ಲ, ಪಾಪ.

ಆ ಸಂಜೆಗಳಷ್ಟು ಗಾಲಿ ಬದುಕಿನಲ್ಲಿ ಸುಖಪಟ್ಟಿರಲಿಲ್ಲ. ಸುಳ್ಳಲ್ಲ. ಶಾಲೆ ಬಿಟ್ಟವನು, ಯಾರಾದರೂ ಮಾತಾಡುತ್ತಿದ್ದರೆ ಗೋಡೆಗೆ ಸರಿದು ನಿಲ್ಲುವವನು, ಈಗ ಒಂದು ಉತ್ತರ ಕಿವಿಗೆ ಬಿದ್ದ ಕೂಡಲೇ ಅದರ ಬಿರುಕು ಎಲ್ಲಿದೆ ಎಂದು ಹೇಳಬಲ್ಲವನಾದ. ಬೆಸುಗೆಗೂ ಇದಕ್ಕೂ ಅವನಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹೊಸದಾಗಿ ಹೇಳುವ ಉತ್ತರ ತೊದಲುತ್ತದೆ, ನಡುವೆ ತಡೆದು ನಿಲ್ಲುತ್ತದೆ. ನಾಲ್ಕು ಸಲ ಹೇಳಿ ಪಳಗಿಸಿದ್ದು ನುಣುಪಾಗಿರುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಯಾವುದು ಎಷ್ಟನೇ ಸಲದ್ದು ಎಂದು ಅವನಿಗೆ ತಿಳಿಯುತ್ತಿತ್ತು. ಅಕ್ಕ ನಗುತ್ತಾ, ನಿನ್ನನ್ನ ಓದಿಸಬೇಕಿತ್ತು ಕಣೋ, ಅಂದಿದ್ದಳು.

ಏಳನೆಯ ದಿನ ಅವನು ತಾನೇ ಬರೆದ ಒಂದು ಚೀಟಿ ತೆಗೆದ. ಅಕ್ಕ ಮಾಡಿದ ಕಟ್ಟಿನಲ್ಲಿ ಆ ಪ್ರಶ್ನೆ ಇರಲಿಲ್ಲ. ಇಲ್ಲದ್ದು ಅವನಿಗೆ ಎರಡು ದಿನದಿಂದ ಕೊರೆಯುತ್ತಿತ್ತು, ಏಕೆಂದರೆ ಕೇಳುವವರು ಅದನ್ನು ಬಿಡುವ ಮಂದಿಯಲ್ಲ. ವಕ್ರ ಅಕ್ಷರದಲ್ಲಿ ಬರೆದದ್ದನ್ನು ಗಂಟಲು ಸರಿಮಾಡಿಕೊಂಡು ಓದಿದ. ತಯಾರಿಕೆ ಪೂರ್ತಿ ಒಬ್ಬ ಮನುಷ್ಯನ ಕೈಯಲ್ಲಿದೆ, ಅವರು ಹತ್ತನೇ ಕ್ಲಾಸೂ ಮುಗಿಸಿಲ್ಲವಂತೆ, ತಿಂಗಳಿಗೆ ಹದಿನೆಂಟು ಮಾಡುವವರು ಮುನ್ನೂರು ಹೇಗೆ ಮಾಡುತ್ತಾರೆ ಮೇಡಂ?

ಅಕ್ಕ ನಕ್ಕುಬಿಟ್ಟಳು. ಅವನ ಕೈ ಬಂಗಾರ, ಅವನು ಮನಸ್ಸು ಮಾಡಿದರೆ ಏನಾದರೂ ಮಾಡುತ್ತಾನೆ, ಎಂದಳು. ಟಣ್. ಸರಿ, ಇಬ್ಬರು ವೆಲ್ಡರುಗಳನ್ನು ತಗೊಳ್ಳುತ್ತೇವೆ. ಟಣ್. ಆ ವೆಲ್ಡರುಗಳ ಬೆಸುಗೆಯನ್ನೂ ನಿಮ್ಮ ತಮ್ಮ ಉಜ್ಜಿ ತೆಗೀತಾರಂತಲ್ಲ? ಅಕ್ಕ ಮುಂದಿನ ಚೀಟಿ ತೆಗಿ ಎಂದಳು. ಗಾಲಿ ತೆಗೆಯಲಿಲ್ಲ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಡೋ ಗಾಲಿ, ಇದು ಅವರು ಕೇಳಲ್ಲ, ಎಂದಳು.

"ನಾನೀಗ ನಿನ್ನ ತಮ್ಮ ಅಲ್ಲ. ದುಡ್ಡು ಹಾಕೋನು," ಎಂದ ಗಾಲಿ. "ಉತ್ತರ ಹೇಳಿ ಮೇಡಂ."

ಅಕ್ಕ ಅವನ ಭುಜದ ಮೇಲಿನಿಂದ ಹಿಂದಿನ ಗೋಡೆ ನೋಡುತ್ತಾ ಹೇಳಿದಳು.

"ಇವತ್ತು ಪ್ರತಿ ಬೆಸುಗೆನೂ ಒಬ್ಬರ ಕೈಲೇ ಆಗತ್ತೆ, ಅವರು ನನ್ನ ತಮ್ಮ. ನಮ್ಮ ಕಂಪನಿಯ ದೊಡ್ಡ ಅಪಾಯ ಇದೇ ಅಂತ ನಮಗೆ ಗೊತ್ತು. ಮೊದಲನೇ ಕುರ್ಚಿ ಮಾಡೋಕೆ ಬೇಕಾದ ಮನುಷ್ಯ ಬೇರೆ, ಮುನ್ನೂರನೇದು ಮಾಡೋಕೆ ಬೇಕಾದ ಮನುಷ್ಯ ಬೇರೆ. ನಿಮ್ಮ ಹಣ ಬಂದ ಎರಡು ತಿಂಗಳಲ್ಲಿ ಅವರ ಕೈಕೆಲಸವನ್ನೆಲ್ಲ ನಕ್ಷೆಗೆ, ಅಚ್ಚಿಗೆ ಇಳಿಸ್ತೀವಿ. ಮೂರನೇ ತಿಂಗಳು ಕಾರ್ಖಾನೆ ನಡೆಸಿದ ಅನುಭವ ಇರೋ ಮ್ಯಾನೇಜರ್ ಬರ್ತಾರೆ. ಆರನೇ ತಿಂಗಳಿಗೆ ನನ್ನ ತಮ್ಮ ತಯಾರಿಕೆಯಿಂದ ಹೊರಗೆ ಬರ್ತಾರೆ. ಅವರ ಪಾಲು ಅವರಿಗೇ ಇರತ್ತೆ, ಕೆಲಸದಲ್ಲಿ ಅವರ ಮಾತು ನಡೆಯಲ್ಲ."

ಒಂದು ಕಡೆಯೂ ತೊದಲಲಿಲ್ಲ. ಒಂದು ಕಡೆಯೂ ತಡೆಯಲಿಲ್ಲ. ನುಣ್ಣಗಿತ್ತು. ಗಾಲಿಯ ಕಿವಿ ಅದನ್ನು ಹಿಡಿಯಿತು. ಇದು ಮೊದಲನೇ ಸಲದ ಉತ್ತರವಲ್ಲ, ಎರಡನೆಯದೂ ಅಲ್ಲ. ಇದನ್ನು ಅಕ್ಕ ಬೇರೆಲ್ಲೋ, ಬೇರೆ ಯಾರ ಮುಂದೋ ನಿಂತು, ಜೋರಾಗಿ, ಹತ್ತಾರು ಸಲ ಹೇಳಿ ಪಳಗಿಸಿದ್ದಾಳೆ. ಬುಧವಾರ ಬುಧವಾರ ತರಬೇತಿಗೆಂದು ಮೇಡಂ ಹತ್ತಿರ ಒಬ್ಬಳೇ ಹೋಗುತ್ತಿದ್ದಳಲ್ಲ. ಅವನು ಸ್ಪಾನರ್ ಎತ್ತಿ ಹಿಡಿದುಕೊಂಡೇ ಕೂತಿದ್ದ. ಹೊಡೆಯಬೇಕೆನಿಸಿತು, ಆ ವೈಸು ಮುರಿಯುವ ಹಾಗೆ ಹೊಡೆಯಬೇಕೆನಿಸಿತು. ಆದರೆ ಉತ್ತರದಲ್ಲಿ ಬಿರುಕು ಎಲ್ಲೂ ಇರಲಿಲ್ಲ. ಹೇಳಿದ್ದೆಲ್ಲ ನಿಜ. ಅವನು ಸ್ಪಾನರನ್ನು ಮೆಲ್ಲಗೆ ಕೆಳಗಿಟ್ಟ.

ಅಕ್ಕ ಹತ್ತಿರ ಬಂದು, ಮೇಡಂ ಹೇಳಿಕೊಟ್ಟದ್ದು ಕಣೋ, ನನಗೂ ಇದು, ಎಂದು ಏನೋ ಶುರು ಮಾಡಿದಳು. ಗಾಲಿ ಕೇಳಿಸಿಕೊಳ್ಳಲಿಲ್ಲ. ಗಟ್ಟಿಯಾಗಿದೆ, ಇದನ್ನೇ ಹೇಳು, ಮುಂದಿನ ಪ್ರಶ್ನೆ, ಎಂದ. ಮುಂದಿನ ಪ್ರಶ್ನೆಯನ್ನು ಕೇಳಿಯೂ ಕೇಳಿದ. ದೊಡ್ಡ ಕಂಪನಿ ನಕಲು ಮಾಡಿದರೆ ಏನು ಮಾಡುತ್ತೀರಿ? ಅಕ್ಕ ಏನು ಹೇಳಿದಳೋ ಅವನಿಗೆ ನೆನಪಿಲ್ಲ.

ಅವತ್ತಿನಿಂದ ಅವನು ಅಕ್ಕನಿಗೆ ಒಬ್ಬನೇ ಸಿಗದ ಹಾಗೆ ನೋಡಿಕೊಂಡ. ಕೆಲಸಗಾರರ ಜೊತೆಗೇ ಹೊರಟುಬಿಡುವುದು, ಊಟದ ಹೊತ್ತಿಗೆ ಗ್ರೈಂಡರ್ ಹಿಡಿದು ಕೂರುವುದು. ಅಕ್ಕ ಎರಡು ಸಲ ಕೆಳಗಿಳಿದು ಬಂದು ನಿಂತಳು. ಎರಡು ಸಲವೂ ಅವನು ಮುಖಕ್ಕೆ ವೆಲ್ಡಿಂಗ್ ಮುಸುಕು ಎಳೆದುಕೊಂಡ, ಬೆಳಕು ನೋಡಬಾರದೆಂದು ಅವಳು ಮೇಲಕ್ಕೆ ಹೋದಳು. ಕೋಪಕ್ಕಿಂತ ಜಾಸ್ತಿ ಅವಮಾನ. ಅಕ್ಕ ತನ್ನನ್ನು ಬಿಡಲು ಹೊರಟದ್ದು ಒಂದು ನೋವು, ಅದು ಸರಿ ಎಂದು ತನಗೇ ಅನಿಸಿದ್ದು ಇನ್ನೊಂದು. ಕಾಯುತ್ತಾ ತೀರಿಹೋದವರ ಹೆಸರಿನ ಮೇಲೆ ಎಳೆದ ಗೆರೆಗಳು ಅವನಿಗೂ ಗೊತ್ತಿದ್ದವಲ್ಲ. ಇರಲಿ, ಎಂದುಕೊಂಡ. ಅಕ್ಕ ಗೆಲ್ಲಲಿ.

ಹೂಡಿಕೆದಾರರ ಮುಂದೆ ನಿಲ್ಲುವ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಅಕ್ಕ ಪಕ್ಕದಲ್ಲಿ ಕೂತು, ಗಾಲಿ, ಸ್ವಲ್ಪ ಕೇಳು ಇಲ್ಲಿ, ಎಂದಳು. ಅವನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿಕೊಂಡೇ ಹನ್ನೆರಡು ನಿಲ್ದಾಣ ಎಣಿಸಿದ.

ಒಂಬತ್ತನೇ ಮಹಡಿ. ತಣ್ಣಗಿನ ಕೋಣೆ, ಉದ್ದದ ಮೇಜು, ಆ ಕಡೆ ಮೂವರು. ಗಡ್ಡ ಬಿಟ್ಟ ಹಿರಿಯರು, ಲ್ಯಾಪ್‌ಟಾಪಿನಿಂದ ತಲೆ ಎತ್ತದ ಒಬ್ಬ, ಮತ್ತೆ ಒಬ್ಬ ಹೆಂಗಸು, ಬೂದು ಕೋಟು. ಅಕ್ಕನ ಹತ್ತು ನಿಮಿಷ ಚೆನ್ನಾಗಿ ಹೋಯಿತು. ಪ್ರಶ್ನೆಗಳು ಶುರುವಾದವು, ಒಂದೊಂದೂ ಅವರ ಚೀಟಿಗಳಿಂದ ಎದ್ದು ಬಂದಂತೆ. ಪೈಪೋಟಿ ಎಂದಾಗ ಅಕ್ಕ ಮನೆಯವರ ಕೈಕಾಲು ಎಂದಳು, ಗಡ್ಡದವರು ಪೆನ್ನು ಕೈಗೆತ್ತಿಕೊಂಡರು. ಇಪ್ಪತ್ತೇಳು ಪರ್ಸೆಂಟ್ ಎಂದು ಬಿಡಿಸಿ ಹೇಳಿದಾಗ ಲ್ಯಾಪ್‌ಟಾಪಿನವನು ಮೊದಲ ಸಲ ತಲೆ ಎತ್ತಿದ. ಬುಷ್ಷಿನ ಕಥೆಗೆ ನಗು ಬಂತು. ಗಾಲಿಗೆ ಅಕ್ಕನನ್ನು ನೋಡಿ ಹೆಮ್ಮೆಯಾಯಿತು, ಸಿಟ್ಟೆಲ್ಲ ಎಲ್ಲಿ ಹೋಯಿತೋ. ನಮ್ಮಕ್ಕ, ಎಂದುಕೊಂಡ.

ಆಗ ಬೂದು ಕೋಟಿನವರು ಕೇಳಿದರು. ಮೃದುವಾಗಿಯೇ ಕೇಳಿದರು, ಅವನ ಕಡೆ ಒಮ್ಮೆ ನೋಡಿ. ತಯಾರಿಕೆ ಪೂರ್ತಿ ನಿಮ್ಮ ತಮ್ಮನವರ ಮೇಲೆ ನಿಂತಿದೆ. ಮುನ್ನೂರಕ್ಕೆ ಹೋಗುವಾಗ ಅವರೇ ಇರುತ್ತಾರೆಯೇ?

ಅಕ್ಕ ನೀರು ಕುಡಿದಳು. ಲೋಟ ಕೆಳಗಿಟ್ಟಳು. "ಇದಕ್ಕೆ ನಾನು... ಬೇರೆ ಥರ ಹೇಳಬೇಕು ಅಂತಿದೀನಿ," ಎಂದಳು. "ನನ್ನ ತಮ್ಮ, ಅವನು..." ಅಲ್ಲಿಗೆ ಸ್ವರ ಕಟ್ಟಿತು. ತಡೆದಳು.

ಜೊಳ್ಳು. ಗಾಲಿಯ ಕಿವಿಗೆ ಬಿದ್ದದ್ದು ಅದೊಂದೇ. ಅಕ್ಕ ತೊದಲುತ್ತಿದ್ದಾಳೆ, ಈಗ ಬಂಗಾರದ ಕೈ ಎನ್ನುತ್ತಾಳೆ, ಕರುಳು ತಡೆಯದೆ ಎಲ್ಲ ನೀರಿಗೆ ಹಾಕುತ್ತಾಳೆ. ಗಡ್ಡದವರು ಪೆನ್ನು ಕೆಳಗಿಡುವುದನ್ನು ಅವನು ಕಂಡ. ಬಾಯಿ ಹಾಕಬಾರದು ಎಂದಿದ್ದರು ಮೇಡಂ. ಹಾಕಿದ.

"ನಾನು ಹೇಳ್ತೀನಿ ಸರ್," ಎಂದ. ಎದ್ದು ನಿಂತು ಹೇಳಿದ, ಅಭ್ಯಾಸ ಹಾಗೇ ಆಗಿತ್ತಲ್ಲ. "ಇವತ್ತು ಪ್ರತಿ ಬೆಸುಗೆನೂ ನನ್ನ ಕೈಲೇ ಆಗತ್ತೆ. ಕಂಪನಿಯ ದೊಡ್ಡ ಅಪಾಯ ನಾನೇ. ಮೊದಲನೇ ಕುರ್ಚಿ ಮಾಡೋಕೆ ಬೇಕಾದ ಮನುಷ್ಯ ಬೇರೆ, ಮುನ್ನೂರನೇದಕ್ಕೆ ಬೇರೆ. ಎರಡು ತಿಂಗಳಲ್ಲಿ ನನಗೆ ಗೊತ್ತಿರೋದನ್ನೆಲ್ಲ ನಕ್ಷೆಗೆ, ಅಚ್ಚಿಗೆ ಇಳಿಸಿಕೊಡ್ತೀನಿ. ಮೂರನೇ ತಿಂಗಳು ಮ್ಯಾನೇಜರ್ ಬರಲಿ. ಆರನೇ ತಿಂಗಳಿಗೆ ನಾನಿರಲ್ಲ."

ಒಂದೇ ಸಲ ಕೇಳಿದ್ದು, ಎಲ್ಲೂ ತಡೆಯದೆ ಒಪ್ಪಿಸಿದ. ಅಕ್ಕ ಅವನ ತೋಳು ಹಿಡಿದಿದ್ದಳು, ಯಾವಾಗ ಹಿಡಿದಳೋ ಅವನಿಗೆ ತಿಳಿಯಲಿಲ್ಲ. ಗಡ್ಡದವರು ಕನ್ನಡಕ ತೆಗೆದು, ಇಷ್ಟು ವರ್ಷದಲ್ಲಿ ತಮ್ಮ ಬಗ್ಗೆ ತಾವೇ ಹೀಗೆ ಹೇಳಿದವರನ್ನು ಕಂಡಿರಲಿಲ್ಲ ಎಂದರು. ಬೂದು ಕೋಟಿನವರು, ಹಾಗಿದ್ದರೆ ಇದನ್ನು ಕರಾರಿನಲ್ಲಿ ಬರೆದುಕೊಳ್ಳಬಹುದೇ ಎಂದು ಕೇಳಿದರು. ಬರೆದುಕೊಳ್ಳಿ, ಎಂದ ಗಾಲಿ.

ಲಿಫ್ಟಿನ ಮುಂದೆ ನಿಂತಾಗ ಅಕ್ಕ ಅಳುತ್ತಿದ್ದಳು. ಸಂತೋಷಕ್ಕೆ ಎಂದುಕೊಂಡ ಪುಣ್ಯಾತ್ಮ. ಗೆದ್ವಿ ಬಿಡು, ಎಂದ. ಅಕ್ಕ ಅವನ ನಿಜವಾದ ಹೆಸರು ಹಿಡಿದು ಕರೆದಳು.

"ನಾನು ಆ ಉತ್ತರ ಹೇಳೋಳಿರಲಿಲ್ಲ ಕಣೋ," ಎಂದಳು. "ನಿನ್ನ ಮುಂದೆ ಹೇಳಿದ ದಿನವೇ ಅದನ್ನ ಬಿಟ್ಟುಬಿಟ್ಟೆ."

ಆಮೇಲೆ ಒಂದೊಂದಾಗಿ ಹೇಳಿದಳು. ಆ ಸಂಜೆ ಅವನ ಮುಖ ನೋಡಿದ ಮೇಲೆ ಅವಳಿಗೆ ಅನ್ನ ಸೇರಿರಲಿಲ್ಲ. ಕೂತು ಹೊಸ ಲೆಕ್ಕ ಹಾಕಿದ್ದಳು. ಮುನ್ನೂರು ಬೇಡ, ನೂರು ಸಾಕು. ಕೇಳುವ ದುಡ್ಡು ಅರ್ಧ ಮಾಡುವುದು. ಚೌಕಟ್ಟಿನ ಸಾದಾ ಬೆಸುಗೆಗಳನ್ನು ಹೊರಗೆ ಮಾಡಿಸಿ, ಭಾರ ಹೊರುವ ನಾಲ್ಕು ಕೀಲುಗಳನ್ನು ಮಾತ್ರ ತಮ್ಮನ ಕೈಗೆ ಇಡುವುದು, ಅವನ ಕೈಕೆಳಗೆ ಇಬ್ಬರನ್ನು ಎರಡು ವರ್ಷ ಪಳಗಿಸುವುದು. ಇದಕ್ಕೆ ಒಪ್ಪದಿದ್ದರೆ ನಿಮ್ಮ ದುಡ್ಡು ನಿಮ್ಮ ಹತ್ತಿರವೇ ಇರಲಿ ಎಂದು ಎದ್ದು ಬರುವುದು. ಮೇಡಂಗೂ ಹೇಳಿರಲಿಲ್ಲ. ಅವನಿಗೆ ಹೇಳಲು ಎರಡು ಸಲ ಕೆಳಗಿಳಿದು ಬಂದಿದ್ದಳು, ಬಸ್ಸಿನಲ್ಲಿ ಮೂರನೇ ಸಲ. ಜೋರಾಗಿ ಒಮ್ಮೆಯೂ ಹೇಳಿ ನೋಡಿರಲಿಲ್ಲ, ಅದಕ್ಕೇ ಅಲ್ಲಿ ಗಂಟಲು ಕಟ್ಟಿತು.

ಗಾಲಿ ಲಿಫ್ಟಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತ. ಲಿಫ್ಟು ಬಂದು, ಬಾಗಿಲು ತೆರೆದು, ಮುಚ್ಚಿ, ಹೊರಟುಹೋಯಿತು. ಏಳು ಸಂಜೆ ಅಕ್ಕನ ಬಾಯಿಂದ ಬಂದದ್ದನ್ನೆಲ್ಲ ತೂಗಿ ನೋಡಿದ ಕಿವಿ, ಅವಳು ಮೊದಲ ಸಲ ಮನಸ್ಸಿನಿಂದ ಮಾತಾಡಹೊರಟಾಗ ಅದನ್ನು ಜೊಳ್ಳೆಂದು ಎಸೆದಿತ್ತು. ಅವನಿಗೆ ಆಗ ಅನಿಸಿದ್ದನ್ನು ಸುತ್ತಿಬಳಸಿ ಹೇಳುವುದು ಬೇಡ. ಎದೆ ಒಡೆಯಿತು, ಅಷ್ಟೇ.

ಒಳಗೆ ಹೋಗಿ ಹೇಳಿಬಿಡೋಣ, ಎಂದಳು ಅಕ್ಕ. ಅವನು ತಲೆಯಾಡಿಸಿದ. ಹೋಗಿ ಏನೆಂದು ಹೇಳುವುದು? ನೀವೇ ಅಲ್ಲವೇ ಈಗ ಹೇಳಿದ್ದು ಎಂದು ಅವರು ಕೇಳಿದರೆ ಯಾವ ಉತ್ತರವಿದೆ? ನೂರೇ ಕುರ್ಚಿಗೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ಅದನ್ನೂ ಇನ್ನು ಯಾರೂ ಹೇಳಲಾರರು. ಅಕ್ಕ ಆಮೇಲೂ ಮೂರು ಪತ್ರ ಬರೆದು ನೋಡಿದಳು, ತಮ್ಮನನ್ನು ಉಳಿಸಿಕೊಳ್ಳುವ ದಾರಿ ಕೇಳಿ. ಅವರು ಬಹಳ ಮರ್ಯಾದೆಯಿಂದಲೇ ಉತ್ತರಿಸಿದರು. ಹೂಡಿಕೆಗೆ ಒಪ್ಪಲು ಅಂದಿನ ಆ ಮಾತೇ ಮುಖ್ಯ ಕಾರಣ, ಅದನ್ನು ತೆಗೆದರೆ ಎಲ್ಲವನ್ನೂ ಮೊದಲಿನಿಂದ ಯೋಚಿಸಬೇಕಾಗುತ್ತದೆ, ಎಂದು. ಕಾಯುವವರ ಪಟ್ಟಿಯಲ್ಲಿ ಆ ತಿಂಗಳು ಮತ್ತೆ ಎರಡು ಹೆಸರಿನ ಮೇಲೆ ಗೆರೆ ಬಿತ್ತು. ಗಾಲಿ ಕರಾರಿಗೆ ಸಹಿ ಮಾಡು ಎಂದ, ಅಕ್ಕ ಮಾಡಿದಳು.

ಕೊಟ್ಟ ಮಾತನ್ನು ಅವನು ತಿಂಗಳು ತಿಂಗಳಿಗೆ ಉಳಿಸಿಕೊಂಡ. ನಕ್ಷೆ ಬರೆಯಲು ಬಂದ ಹುಡುಗಿಯ ಪಕ್ಕದಲ್ಲಿ ಕೂತು ಪ್ರತಿ ಅಳತೆಯನ್ನೂ ಹೇಳಿದ. ಪೈಪುಗಳನ್ನು ಒಂದೇ ಕೋನದಲ್ಲಿ ಕಚ್ಚಿ ಹಿಡಿಯುವ ಕಬ್ಬಿಣದ ಅಚ್ಚುಗಳನ್ನು ತಾನೇ ಮಾಡಿದ, ಯಾರು ಬೆಸೆದರೂ ಅವನು ಬೆಸೆದ ಹಾಗೇ ಆಗುವಂತೆ. ಮ್ಯಾನೇಜರ್ ಬಂದರು, ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹೋಗಬಹುದಿತ್ತು. ಐದನೇ ತಿಂಗಳು ಒಂದು ಮಧ್ಯಾಹ್ನ ಹೊಸ ವೆಲ್ಡರ್ ಹಾಕಿದ ಬೆಸುಗೆಯನ್ನು ಗಾಲಿ ಬೆರಳಾಡಿಸಿ ನೋಡಿದ. ಉಜ್ಜಿ ತೆಗೆಯಲು ಏನೂ ಇರಲಿಲ್ಲ. ಆ ತಿಂಗಳು ನೂರಾ ಹತ್ತು ಕುರ್ಚಿ ಹೋದವು, ಪಟ್ಟಿ ಖಾಲಿಯಾಯಿತು.

ಆರನೇ ತಿಂಗಳ ಕೊನೆಯ ದಿನ ಅವನು ಕೈ ತೊಳೆದು, ಬಟ್ಟೆ ಬದಲಿಸಿ, ಅಟ್ಟ ಹತ್ತಿದ. ಬರ್ತೀನಿ ಅಕ್ಕ, ಎಂದು ಒಂದು ಮಾತು ಹೇಳಿ ಹೋಗಬೇಕಿತ್ತು. ಅಕ್ಕ ಗಾಜಿನ ಕೋಣೆಯಲ್ಲಿ ಫೋನಿನಲ್ಲಿದ್ದಳು, ಯಾವುದೋ ಆಸ್ಪತ್ರೆಗೆ ಅರವತ್ತು ಕುರ್ಚಿಯ ಮಾತು. ಅವನನ್ನು ಕಂಡು ರಿಸೀವರನ್ನು ಅಂಗೈಯಿಂದ ಮುಚ್ಚಿ, "ಒಂದು ನಿಮಿಷ ಕಣೋ," ಎಂದಳು, ಬೆನ್ನು ತಿರುಗಿಸಿದಳು. ಗಾಲಿ ಬಾಗಿಲ ಹೊರಗೆ ನಿಂತ. ಕೆಳಗೆ ಬೆಸುಗೆಯ ಕಿಡಿ ಹಾರುತ್ತಿತ್ತು, ಯಾರ ಬೆಸುಗೆಯೋ. ಒಂದು ನಿಮಿಷವಾಯಿತು, ಐದಾಯಿತು, ಹತ್ತಾಯಿತು. ಆಗ ಅವನು ಗಾಜಿನಾಚೆ ಮೇಜಿನ ಕಡೆ ನೋಡಿದ. ಕರೆ ನಡೆಯುವಾಗ ಉರಿಯುವ ಕೆಂಪು ದೀಪ ಫೋನಿನ ಮೇಲೆ ಆರಿತ್ತು. ಆ ಕಡೆಯವರು ಇಟ್ಟು ಎಷ್ಟು ಹೊತ್ತಾಗಿತ್ತೋ. ಅಕ್ಕ ಮಾತ್ರ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಗೋಡೆಗೆ ಮುಖ ಮಾಡಿ, ಹ್ಞೂಂ, ಹ್ಞೂಂ, ಎನ್ನುತ್ತಲೇ ಇದ್ದಳು. ಅವಳ ಹೆಗಲು ಅಲುಗುತ್ತಿತ್ತು. ಗಾಲಿ ಕದ ತಟ್ಟಲಿಲ್ಲ. ಮೆಟ್ಟಿಲಿನ ಸದ್ದಾಗದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಇಳಿದು ಹೋದ.